ಒಂದೇ ತರಗತಿಯ ಐವತ್ತು ಮಕ್ಕಳು

ತರಗತಿಯಲ್ಲೇ ವಿಡಿಯೊ ತೋರಿಸಿ, ಮನಸ್ಸಿನ ತೊಳಲಾಟದ ಬಗ್ಗೆ ಮಾತಾಡಿದರೆ ಹೆಚ್ಚು ಮಕ್ಕಳು ಆಪ್ತಸಮಾಲೋಚಕರ ಬಳಿ ಬರುತ್ತಾರೆಯೇ? ದೆಹಲಿಯ 6 ಶಾಲೆಗಳ 70 ತರಗತಿಗಳಲ್ಲಿ ‘ಸಂಗಾತ್’ ಸಂಸ್ಥೆಯವರು ಇದನ್ನು ಪರೀಕ್ಷಿಸಿದರು.

ಅರ್ಧ ತರಗತಿಗಷ್ಟೇ ವಿಡಿಯೊ ತೋರಿಸಿದರೆ ಊಟದ ಹೊತ್ತಿಗೆ ಉಳಿದರ್ಧಕ್ಕೂ ಸುದ್ದಿ ಮುಟ್ಟಿರುತ್ತದೆ. ಆದ್ದರಿಂದ ಇಡೀ ತರಗತಿಯನ್ನೇ ಒಂದು ಗುಂಪಾಗಿಸಿ, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನಷ್ಟೇ ಲಾಟರಿಯಂತೆ ನಿರ್ಧರಿಸಿದರು. ಸರದಿಗೆ ಕಾಯುವ ತರಗತಿಗಳೇ ಹೋಲಿಕೆಯ ಗುಂಪು. ಕೊನೆಗೆ ಎಲ್ಲರಿಗೂ ಕಾರ್ಯಕ್ರಮ ಸಿಗುತ್ತದೆ. ಇದು ‘ಸ್ಟೆಪ್ಡ್ ವೆಜ್’ ವಿನ್ಯಾಸ.

ತೊಡಕಿರುವುದು ಲೆಕ್ಕದಲ್ಲಿ. ಅದೇ ಮೇಷ್ಟ್ರು, ಅದೇ ಗೆಳೆಯರು ಇರುವಾಗ ಸಹಪಾಠಿಗಳ ಉತ್ತರಗಳೂ ಒಂದಿಷ್ಟು ಹೋಲುತ್ತವೆ. ಈ ಹೋಲಿಕೆಯ ಅಳತೆಯೇ ‘ಇಂಟ್ರಾಕ್ಲಸ್ಟರ್ ಕೊರಿಲೇಶನ್’. ಅದು ಬರೀ 0.02 ಎಂದುಕೊಳ್ಳಿ. ಸಾಮಾನ್ಯ ಗುಂಪು ಪ್ರಯೋಗದಲ್ಲಿ 50 ಮಕ್ಕಳ ತರಗತಿಗೆ 1 + 49 × 0.02 = 1.98. ಅಂದರೆ 50 ಮಕ್ಕಳಿಂದ ಸಿಗುವ ಮಾಹಿತಿ ಸುಮಾರು 25 ಮಕ್ಕಳಷ್ಟೇ! ಸ್ಟೆಪ್ಡ್ ವೆಜ್‌ನಲ್ಲಿ ತರಗತಿಯನ್ನು ಅದರ ಹಿಂದಿನ ಸ್ಥಿತಿಯೊಂದಿಗೇ ಹೋಲಿಸುವುದರಿಂದ ಈ ನಷ್ಟ ಕೊಂಚ ತಗ್ಗಬಹುದು. ಆದರೆ ನಡುವೆ ಪರೀಕ್ಷೆ ಬಂದು ಆತಂಕ ಏರಿದರೆ, ಅದೂ ಕಾರ್ಯಕ್ರಮದ ಪರಿಣಾಮದಂತೆ ಕಂಡೀತು. ಹಾಗಾಗಿ ವಿಶ್ಲೇಷಣೆಯಲ್ಲಿ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ದೆಹಲಿಯಲ್ಲಿ ಕಾಯುವ ಅವಧಿಯಲ್ಲಿ ಸಮಾಲೋಚನೆಗೆ ಹೆಸರು ಬಂದದ್ದು 1.5% ಮಕ್ಕಳದು, ಕಾರ್ಯಕ್ರಮದ ನಂತರ 21.7%.