ಮೂರಕ್ಕೆ ಬಂದು ನಿಲ್ಲುವ ವರ್ಗಮೂಲ

1911ರಲ್ಲಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 289ನೇ ಪ್ರಶ್ನೆಯಾಗಿ ಒಂದು ಲೆಕ್ಕ ಅಚ್ಚಾಯಿತು. ಕಳಿಸಿದವರು ಶ್ರೀನಿವಾಸ ರಾಮಾನುಜನ್. ಆಗ ಅವರಿಗೆ 23 ವರ್ಷ. ಪದವಿಯಿಲ್ಲ, ಮದರಾಸಿನಲ್ಲಿ ಕಾಯಂ ಕೆಲಸವೂ ಸಿಕ್ಕಿರಲಿಲ್ಲ. ಪತ್ರಿಕೆಯ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಎಂ.ಟಿ. ನಾರಣಯ್ಯಂಗಾರ್. ಓದುಗರು ಬೆಲೆ ಕಂಡುಹಿಡಿಯಬೇಕಿದ್ದ ಲೆಕ್ಕ ಇದು:

√(1 + 2√(1 + 3√(1 + 4√(1 + …))))

ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಇನ್ನೊಂದು. ಒಳಗೆ ಹೋದಂತೆಲ್ಲ ಗುಣಿಸುವ ಸಂಖ್ಯೆ 2, 3, 4, 5 ಎಂದು ಏರುತ್ತಲೇ ಇರುತ್ತದೆ. ತಿಂಗಳುಗಳು ಕಳೆದರೂ ಯಾರೂ ಉತ್ತರ ಕಳಿಸಲಿಲ್ಲ. ಕೊನೆಗೆ ರಾಮಾನುಜನ್ ತಾವೇ ಉತ್ತರ ಕೊಟ್ಟರು: ಅದರ ಬೆಲೆ 3.

ಅವರ ದಾರಿ ಹೈಸ್ಕೂಲಿನ ಬೀಜಗಣಿತಕ್ಕಿಂತ ಆಚೆ ಹೋಗುವುದಿಲ್ಲ. ಯಾವ ಸಂಖ್ಯೆ k ತೆಗೆದುಕೊಂಡರೂ (k+1)² = 1 + k(k+2). ಇದನ್ನೇ 3ಕ್ಕೆ ಹಚ್ಚಿ ನೋಡೋಣ. 3 ಎಂದರೆ √9, ಅಂದರೆ √(1 + 2·4). ಇಲ್ಲಿರುವ 4 ಎಂದರೆ √16, ಅಂದರೆ √(1 + 3·5). ಆ 5 ಎಂದರೆ √(1 + 4·6). ಹೀಗೆ ಪ್ರತಿ ಸಲ ಕೊನೆಯ ಸಂಖ್ಯೆಯನ್ನು ಬಿಚ್ಚುತ್ತ ಹೋದರೆ ಪ್ರಶ್ನೆಯಲ್ಲಿದ್ದ ವರ್ಗಮೂಲಗಳ ಸಾಲು ತಾನಾಗಿ ಕಣ್ಣೆದುರು ಬೆಳೆಯುತ್ತದೆ.

ಇಲ್ಲಿಗೇ ಸಾಧನೆ ಮುಗಿಯಿತೆಂದು ಯಾರಿಗಾದರೂ ಅನ್ನಿಸೀತು. ಆದರೆ ಇದೇ ಉಪಾಯವನ್ನು 3ರ ಬದಲು 4ಕ್ಕೆ ಹಚ್ಚಿ ನೋಡಿ. 4 ಎಂದರೆ √16, ಅಂದರೆ √(1 + 2·7.5). ಆ 7.5ರ ವರ್ಗ 56.25, ಅದನ್ನು 1 + 3·18.4166… ಎಂದು ಬರೆಯಬಹುದು. 18.4166…ರ ವರ್ಗವನ್ನು 1 + 4·84.54… ಎಂದು ಬರೆಯಬಹುದು. ಎಷ್ಟು ಹೊತ್ತು ಬೇಕಾದರೂ ಹೀಗೆ ಬಿಚ್ಚಬಹುದು, ಒಂದು ಹೆಜ್ಜೆಯೂ ತಪ್ಪಲ್ಲ. ಹೊರಗಿನಿಂದ ಕಾಣುವ ಆಕಾರವೂ ಅದೇ: 1 + 2√(1 + 3√(1 + 4√…. ಹಾಗಾದರೆ ಬೆಲೆ 4 ಎಂದೂ ಹೇಳಬಹುದೆ? ಒಂದೇ ಲೆಕ್ಕಕ್ಕೆ 3 ಮತ್ತು 4 ಎರಡೂ ಉತ್ತರ ಆಗಲಾರವು. ಬಿಚ್ಚುವ ಉಪಾಯ ಉತ್ತರವನ್ನು ಊಹಿಸಿಕೊಟ್ಟಿತೇ ಹೊರತು ಅದನ್ನು ಸಾಧಿಸಿ ತೋರಿಸಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಒಳತುದಿಯಲ್ಲಿ ಉಳಿದ ಸಂಖ್ಯೆಯನ್ನು ನಾವು ‘…’ ಎಂಬ ಚುಕ್ಕೆಗಳ ಹಿಂದೆ ಸರಿಸಿಬಿಟ್ಟಿದ್ದೇವೆ. ಆ ಸಂಖ್ಯೆ ಎಷ್ಟು ದೊಡ್ಡದು ಎಂಬುದರಲ್ಲೇ ಇಡೀ ಗುಟ್ಟಿದೆ.

ಹಾಗಾಗಿ ಮೊದಲು ಆ ಚುಕ್ಕೆಗಳಿಗೆ ಅರ್ಥ ಕೊಡಬೇಕು. ಅನಂತ ವರ್ಗಮೂಲವನ್ನು ನೇರವಾಗಿ ಲೆಕ್ಕ ಹಾಕಲು ಯಾರಿಂದಲೂ ಆಗುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಗುಣಕ n ಬಂದ ಕೂಡಲೇ ನಿಲ್ಲಿಸಿ, ಅದರ ಮುಂದಿನದೆಲ್ಲದರ ಜಾಗದಲ್ಲಿ 1 ಇಡೋಣ. ಹೀಗೆ ಸಿಗುವ ಬೆಲೆಯನ್ನು aₙ ಎನ್ನೋಣ. ಆಗ a₂ = √(1+2), ಅಂದರೆ 1.732. a₃ = √(1 + 2√(1+3)), ಅದು √5, ಅಂದರೆ 2.236. ಮುಂದೆ a₄ = 2.560, a₅ = 2.755, a₆ = 2.867, a₇ = 2.929, a₈ = 2.963. n ಹೆಚ್ಚಿಸುತ್ತ ಹೋದಾಗ ಈ ಸಂಖ್ಯೆಗಳು ಯಾವುದಕ್ಕೆ ಎಷ್ಟು ಬೇಕಾದರೂ ಹತ್ತಿರ ಸೇರುತ್ತವೋ ಅದೇ ಅನಂತ ವರ್ಗಮೂಲದ ಬೆಲೆ. ಬೇರೆ ಅರ್ಥ ಅದಕ್ಕಿಲ್ಲ.

ಸಂಖ್ಯೆಗಳು ಏರುತ್ತಲೇ ಇವೆ, ಅದು ಆಕಸ್ಮಿಕವಲ್ಲ. aₙ ಇಂದ ಮುಂದಿನದಕ್ಕೆ ಹೋಗುವಾಗ ಒಳತುದಿಯ 1ರ ಜಾಗಕ್ಕೆ √(1 + (n+1)) ಬರುತ್ತದೆ. ಅದು 1ಕ್ಕಿಂತ ದೊಡ್ಡದು. ಒಳಗಿನದು ದೊಡ್ಡದಾದರೆ ಹೊರಗಿನ ಪ್ರತಿ ವರ್ಗಮೂಲವೂ ದೊಡ್ಡದಾಗುತ್ತದೆ.

ಈಗ ಮೇಲಿನ ಮಿತಿ. ಇಲ್ಲಿ ಗಣಿತೀಯ ಅನುಗಮನ ಕೆಲಸಕ್ಕೆ ಬರುತ್ತದೆ, ಅದನ್ನು ಒಳಗಿನಿಂದ ಹೊರಗೆ ನಡೆಸಬೇಕು. ಗುಣಕ k ಇರುವ ವರ್ಗಮೂಲವನ್ನು k-ನೇ ಹಂತ ಎಂದು ಕರೆಯೋಣ. ನಾವು ಸಾಧಿಸಬೇಕಾದದ್ದು, k-ನೇ ಹಂತದ ಬೆಲೆ k+1ನ್ನು ದಾಟುವುದಿಲ್ಲ ಎಂಬುದು. ಒಳತುದಿಯಲ್ಲಿ ನಾವಿಟ್ಟ 1 ಇದೆ. ಅದು (n+1)-ನೇ ಹಂತದ ಜಾಗ, ಅಲ್ಲಿ ಮಿತಿ n+2. 1 ಅದಕ್ಕಿಂತ ಚಿಕ್ಕದು, ಹಾಗಾಗಿ ಆರಂಭ ಸರಿಯಾಯಿತು. ಮುಂದೆ, ಒಳಗಿನ ಹಂತದ ಬೆಲೆ k+2ಕ್ಕಿಂತ ಕಡಿಮೆ ಎಂದು ಗೊತ್ತಿದ್ದರೆ, k-ನೇ ಹಂತದ ಬೆಲೆ √(1 + k(k+2))ಕ್ಕಿಂತ ಕಡಿಮೆ. ಅದು ಸರಿಯಾಗಿ k+1. ಹೀಗೆ ಒಂದೊಂದೇ ಹಂತ ಹೊರಗೆ ಬಂದು 2ನೇ ಹಂತ ತಲುಪಿದಾಗ, aₙ ಯಾವತ್ತೂ 3ಕ್ಕಿಂತ ಕಡಿಮೆ ಎಂದು ಸಿಗುತ್ತದೆ.

ಏರುತ್ತ ಹೋಗುವ, ಆದರೆ ಒಂದು ಮಿತಿಯನ್ನು ದಾಟದ ಸಂಖ್ಯೆಗಳು ಎಲ್ಲೋ ಒಂದು ಕಡೆ ನೆಲೆಗೊಳ್ಳಲೇಬೇಕು. ಆದ್ದರಿಂದ ಅನಂತ ವರ್ಗಮೂಲಕ್ಕೆ ಒಂದು ಬೆಲೆ ಇದೆ ಎಂಬುದು ಖಚಿತವಾಯಿತು, 4 ಅದರ ಬೆಲೆಯಾಗುವ ಸಾಧ್ಯತೆ ಇಲ್ಲಿಗೇ ತಪ್ಪಿಹೋಯಿತು. ಆದರೆ ಬೆಲೆ 3 ಎಂಬುದು ಇನ್ನೂ ಸಿದ್ಧವಾಗಿಲ್ಲ. 3ನ್ನು ದಾಟದವು 2.99ರಲ್ಲೂ ನಿಂತುಬಿಡಬಹುದಲ್ಲ. ಮಿತಿ ಸಿಕ್ಕ ಸಂತೋಷದಲ್ಲಿ ಅದೇ ಉತ್ತರ ಎಂದು ಬರೆದುಬಿಡುವುದು ವಿದ್ಯಾರ್ಥಿಗಳು ಎಡವುವ ಜಾಗ. ಮೇಲಿನಿಂದ ಒಂದು ಮಿತಿ ಸಿಕ್ಕಂತೆ ಕೆಳಗಿನಿಂದಲೂ ಒಂದು ಬೇಕು.

ಅದನ್ನು ಪಡೆಯಲು k-ನೇ ಹಂತದ ಬೆಲೆ k+1ರ ಎಷ್ಟು ಪಾಲು ಇದೆ ಎಂದು ನೋಡೋಣ. ಒಳಗಿನ ಹಂತದ ಬೆಲೆ ಇರಬೇಕಾದ k+2ರಲ್ಲಿ ಕನಿಷ್ಠ c ಪಾಲು ಇದೆ ಎಂದಿಟ್ಟುಕೊಳ್ಳಿ; c ಎಂಬುದು 1ಕ್ಕಿಂತ ಚಿಕ್ಕ ಸಂಖ್ಯೆ. ಆಗ k-ನೇ ಹಂತದ ವರ್ಗಮೂಲದೊಳಗೆ ಇರುವುದು ಕನಿಷ್ಠ 1 + c·k(k+2). ಮೊದಲಿನ 1ನ್ನು c ಎಂದು ಇಳಿಸಿದರೆ ಮೊತ್ತ ಇನ್ನೂ ಕಡಿಮೆಯಾಗುತ್ತದೆ, ಆದರೆ ರೂಪ ಚೆನ್ನಾಗುತ್ತದೆ:

1 + c·k(k+2) ≥ c + c·k(k+2) = c(k+1)²

ವರ್ಗಮೂಲ ತೆಗೆದರೆ k-ನೇ ಹಂತದ ಬೆಲೆ ಕನಿಷ್ಠ √c·(k+1). ಅಂದರೆ ಒಂದು ಹಂತ ಹೊರಗೆ ಬಂದಾಗ ಪಾಲು c ಇದ್ದದ್ದು √c ಆಗುತ್ತದೆ. 1ಕ್ಕಿಂತ ಚಿಕ್ಕ ಸಂಖ್ಯೆಯ ವರ್ಗಮೂಲ ಆ ಸಂಖ್ಯೆಗಿಂತ ದೊಡ್ಡದು, ಆದ್ದರಿಂದ ಪ್ರತಿ ಹಂತವೂ ಒಳಗಿನ ಕೊರತೆಯನ್ನು ತುಂಬಿಕೊಡುತ್ತದೆ. ಇಡೀ ಸಾಧನೆಯ ಜೀವ ಇರುವುದು ಈ ಒಂದು ಸಾಲಿನಲ್ಲಿ.

n = 10 ಇಟ್ಟು ಪೂರ್ತಿ ನಡೆಸಿ ನೋಡೋಣ. ಒಳತುದಿಯಲ್ಲಿ 12 ಇರಬೇಕಿದ್ದ ಕಡೆ ನಾವಿಟ್ಟದ್ದು 1, ಹಾಗಾಗಿ ಪಾಲು 1/12, ಸುಮಾರು 0.083. ಇದಕ್ಕಿಂತ ಬಡವಾದ ಆರಂಭ ಬೇಕಿಲ್ಲ. 10ನೇ ಹಂತದಲ್ಲಿ ಇದರ ವರ್ಗಮೂಲ 0.289, 9ನೇ ಹಂತದಲ್ಲಿ 0.537, 8ರಲ್ಲಿ 0.733, 7ರಲ್ಲಿ 0.856. ಆಮೇಲೆ 0.925, 0.962, 0.981, 0.990, ಕೊನೆಗೆ 2ನೇ ಹಂತದಲ್ಲಿ 0.995. ಇದನ್ನು 3ರಿಂದ ಗುಣಿಸಿದರೆ 2.985. ನಿಜವಾದ a₁₀ ಲೆಕ್ಕ ಹಾಕಿದರೆ 2.990 ಬರುತ್ತದೆ, ನಮ್ಮ ಕೆಳಮಿತಿ ಅದಕ್ಕಿಂತ ಸ್ವಲ್ಪವೇ ಕೆಳಗಿದೆ.

ಯಾವ nಗಾದರೂ ಇದೇ ಲೆಕ್ಕ. ಆರಂಭದ ಪಾಲು 1/(n+2), ಅದರ ಮೇಲೆ n−1 ಸಲ ವರ್ಗಮೂಲ. ಅನುಗಮನದ ಫಲವಾಗಿ ಸಿಗುವುದು:

3·(1/(n+2))^(1/2ⁿ⁻¹) ≤ aₙ < 3

ಇಲ್ಲಿ ಎರಡು ಶಕ್ತಿಗಳು ಎದುರುಬದುರಾಗಿ ನಿಂತಿವೆ. n ಹೆಚ್ಚಿದಂತೆ ಆರಂಭದ ಪಾಲು ಸಣ್ಣದಾಗುತ್ತ ಹೋಗುತ್ತದೆ, ಅದು ನಮಗೆ ವಿರುದ್ಧ. ಆದರೆ ವರ್ಗಮೂಲಗಳ ಸಂಖ್ಯೆಯೂ ಹೆಚ್ಚುತ್ತದೆ, ಘಾತದ ಛೇದ ಪ್ರತಿ ಸಲ ಇಮ್ಮಡಿಯಾಗುತ್ತದೆ. n = 20 ಆದಾಗ 22ನ್ನು ತಟ್ಟೆಯ ಒಂದು ಕಡೆಗಿಟ್ಟರೆ ಇನ್ನೊಂದು ಕಡೆ 5,24,288 ಇರುತ್ತದೆ. ಅಷ್ಟರಲ್ಲಿ 3ಕ್ಕೂ ಕೆಳಮಿತಿಗೂ ಇರುವ ಅಂತರ 0.00002ಕ್ಕಿಂತ ಕಡಿಮೆ. ಕೆಳಗಿನ ಮಿತಿಯೂ 3ಕ್ಕೇ ಏರುವುದರಿಂದ, ನಡುವೆ ಸಿಕ್ಕ aₙಗೆ 3 ಬಿಟ್ಟು ಬೇರೆ ಗತಿಯಿಲ್ಲ. ರಾಮಾನುಜನ್ ಹೇಳಿದ ಉತ್ತರ ಈಗ ಸಿದ್ಧವಾಯಿತು.

4ರ ಕಥೆ ಎಲ್ಲಿ ಕೆಟ್ಟಿತು ಎಂಬುದನ್ನೂ ಇದೇ ಪಾಲಿನ ಲೆಕ್ಕ ಬಿಡಿಸಿ ತೋರಿಸುತ್ತದೆ. ಅಲ್ಲಿ ಸಿಕ್ಕ ಸಂಖ್ಯೆಗಳು 4, 7.5, 18.4, 84.5, ಅದರ ಮುಂದಿನದು ಸುಮಾರು 1,429. ಇರಬೇಕಾದದ್ದು 3, 4, 5, 6, 7. ಪಾಲುಗಳನ್ನು ತೆಗೆದರೆ 1.33, 1.88, 3.68, 14.1, 204. ಹೊರಗೆ ಬರುವಾಗ ವರ್ಗಮೂಲವಾಗುವುದು ಒಳಗೆ ಹೋಗುವಾಗ ವರ್ಗವಾಗಬೇಕು. ಪ್ರತಿ ಪಾಲೂ ಹಿಂದಿನದರ ವರ್ಗವನ್ನು ಮೀರುತ್ತ ಹೋಗಿರುವುದನ್ನು ನೋಡಬಹುದು. ಬೆಲೆ 4 ಆಗಬೇಕೆಂದರೆ ಒಳತುದಿಯಲ್ಲಿ ಇಂಥ ದೈತ್ಯ ಸಂಖ್ಯೆಯನ್ನು ಕೈಯಾರೆ ಇಡಬೇಕು, n ಹೆಚ್ಚಿದಂತೆ ಅದನ್ನು ಇನ್ನಷ್ಟು ಬೆಳೆಸುತ್ತಲೂ ಇರಬೇಕು. ಪ್ರಶ್ನೆಯಲ್ಲಿ ಅಂಥದ್ದೇನೂ ಇಲ್ಲ. ಒಳತುದಿಯಲ್ಲಿ 1ರ ಬದಲು 100 ಇಟ್ಟರೂ, ಸಾವಿರ ಇಟ್ಟರೂ, n ದೊಡ್ಡದಾದಾಗ ಅಷ್ಟೊಂದು ವರ್ಗಮೂಲಗಳನ್ನು ದಾಟಿ ಬರುವಷ್ಟರಲ್ಲಿ ಆ ಸಂಖ್ಯೆಯ ಗುರುತೇ ಉಳಿಯುವುದಿಲ್ಲ.

289ನೇ ಪ್ರಶ್ನೆಗೆ ಇನ್ನೊಂದು ಭಾಗವೂ ಇತ್ತು: √(6 + 2√(7 + 3√(8 + …))). ಅದರ ಬೆಲೆ 4. ಅಲ್ಲಿ ಆಧಾರ (k+2)² = (k+4) + k(k+3) ಎಂಬ ಸಮೀಕರಣ. ಮಿಕ್ಕ ವಾದ, ಪಾಲು c ಇದ್ದದ್ದು √c ಆಗುವುದೂ ಸೇರಿ, ಒಂದಕ್ಷರ ಬದಲಿಸದೆ ನಡೆಯುತ್ತದೆ.

ಇಂಥ ವರ್ಗಮೂಲಗಳು ಯಾವಾಗ ನೆಲೆಗೊಳ್ಳುತ್ತವೆ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ಕೊಟ್ಟವರು ಟಿ. ವಿಜಯರಾಘವನ್, 1927ರಲ್ಲಿ ಹೊರಬಂದ ರಾಮಾನುಜನ್ ಅವರ ಸಂಕಲಿತ ಪ್ರಬಂಧಗಳ ಟಿಪ್ಪಣಿಯಲ್ಲಿ ಅದಿದೆ. 1935ರಲ್ಲಿ ಹರ್ಷ್‌ಫೆಲ್ಡ್ ಕೂಡ ಅಮೆರಿಕದ ಒಂದು ಗಣಿತ ಮಾಸಿಕದಲ್ಲಿ ಇದನ್ನು ವಿವರವಾಗಿ ಬರೆದರು. ಗುಣಕಗಳಿಲ್ಲದೆ √(b₁ + √(b₂ + √(b₃ + …))) ಎಂದು ಬರೆದು, b ಎಲ್ಲವೂ ಧನಸಂಖ್ಯೆಗಳಾಗಿದ್ದರೆ, n-ನೇ ಸಂಖ್ಯೆಯ ಮೇಲೆ n ಸಲ ವರ್ಗಮೂಲ ತೆಗೆದಾಗ ಸಿಗುವ ಬೆಲೆಗಳು ಒಂದು ಮಿತಿಯೊಳಗೆ ಇರಬೇಕು. ಇದ್ದರೆ ವರ್ಗಮೂಲಕ್ಕೆ ಬೆಲೆ ಇದೆ, ಇಲ್ಲದಿದ್ದರೆ ಇಲ್ಲ. 4, 16, 256, 65536 ಎಂದು ಪ್ರತಿಯೊಂದೂ ಹಿಂದಿನದರ ವರ್ಗವಾಗುತ್ತ ಹೋದರೂ ಪರವಾಗಿಲ್ಲ, n ಸಲ ವರ್ಗಮೂಲ ತೆಗೆದಾಗ ಯಾವಾಗಲೂ 2 ಸಿಗುತ್ತದೆ. ಆದರೆ 8, 512, 13,42,17,728 ಎಂದು ಪ್ರತಿಯೊಂದೂ ಹಿಂದಿನದರ ಘನವಾಗುತ್ತ ಹೋದರೆ ವರ್ಗಮೂಲಗಳು ಸೋಲುತ್ತವೆ: ಹತ್ತನೆಯ ಸಂಖ್ಯೆಯೊಂದೇ, ಹತ್ತು ವರ್ಗಮೂಲಗಳನ್ನು ದಾಟಿ ಹೊರಬಂದ ಮೇಲೂ, 18 ಅಂಕಿಗಳಷ್ಟು ದೊಡ್ಡದಾಗಿರುತ್ತದೆ.