ಮಣಿಕಟ್ಟು ಅದೇ, ವಾಚು ಬೇರೆ!

ನಮ್ಮಕ್ಕ ಮನೆಯಿಂದಲೇ ವಾಚು ಮಾರುತ್ತಾಳೆ. ಕಂಪನಿಯವರು ಕಳಿಸುವುದು ಬಿಳಿ ಹಿನ್ನೆಲೆಯ ಒಂದು ಪ್ರಾಡಕ್ಟ್ ಫೋಟೋ ಮಾತ್ರ. ಆದರೆ ಕೊಳ್ಳುವವರು ಕೇಳುವುದು ‘ಕೈಗೆ ಕಟ್ಟಿದ್ರೆ ಹೇಗೆ ಕಾಣತ್ತೆ?’ ಅಂತ. ಪ್ರತಿ ಮಾಡೆಲ್‌ಗೂ ಫೋಟೋ ತೆಗೆಸೋಕೆ ದುಡ್ಡೆಲ್ಲಿ? ಹಾಗಾಗಿ ಭಾವ ತಮ್ಮ ಹಳೆಯ ಎಚ್‌ಎಂಟಿ ಜನತಾ ಕಟ್ಟಿಕೊಂಡಿದ್ದ ಒಂದು ಒಳ್ಳೆಯ ಫೋಟೋ ತಗೊಂಡು, ಅದರ ಮೇಲೆ ಹೊಸ ವಾಚನ್ನು ಕೂರಿಸಿಕೊಡೋ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಲ ಅರ್ಧ ಗಂಟೆಯಲ್ಲಿ ಮುಗಿಸಿದೆ. ಹಳೆ ಡಯಲ್ ಎಷ್ಟು ಜಾಗ ಹಿಡಿದಿತ್ತೋ ಅಷ್ಟಕ್ಕೇ ಹೊಸದನ್ನು ಕುಗ್ಗಿಸಿ ಕೂರಿಸಿದೆ. ನೋಡೋಕೆ ಚೆನ್ನಾಗೇ ಇತ್ತು. ವಾರದೊಳಗೆ ಒಬ್ಬರು ವಾಚು ವಾಪಸ್ ಕಳಿಸಿದರು: ‘ಫೋಟೋದಲ್ಲಿ ಅಚ್ಚುಕಟ್ಟಾಗಿತ್ತು, ನನ್ನ ಕೈ ಮೇಲೆ ತಟ್ಟೆ ಇಟ್ಟ ಹಾಗಿದೆ.’ ಅಕ್ಕ ಫೋನ್ ಮಾಡಿ, “ಏನೋ ಇದು, ನಾನೇ ಮೋಸ ಮಾಡಿದ ಹಾಗಾಯ್ತಲ್ಲೋ” ಅಂದಳು. ತಪ್ಪು ನನ್ನದೇ. ಹಳೆ ವಾಚು 35 ಮಿಲಿಮೀಟರ್, ಹೊಸದು 42. ನಾನು 42ನ್ನು 35 ಮಾಡಿ ತೋರಿಸಿದ್ದೆ.

ಮೊದಲು ಅಳತೆ

ಎರಡನೇ ಸಲ ಸ್ಕೇಲ್ ಹಿಡಿದು ಕೂತೆ. ಫೋಟೋದಲ್ಲಿ ಭಾವನ ವಾಚಿನ ಕೇಸು ಕೈಯ ಉದ್ದಕ್ಕೆ, ಅಂದರೆ 9ರಿಂದ 3ರ ಕಡೆಗೆ, 525 ಪಿಕ್ಸೆಲ್ ಇತ್ತು. ಅದು ನಿಜದಲ್ಲಿ 35 ಮಿಲಿಮೀಟರ್. ಹಾಗಾದರೆ ಈ ಫೋಟೋದಲ್ಲಿ ಒಂದು ಮಿಲಿಮೀಟರಿಗೆ 15 ಪಿಕ್ಸೆಲ್. 42 ಮಿಲಿಮೀಟರಿನ ವಾಚು 630 ಪಿಕ್ಸೆಲ್ ಇರಲೇಬೇಕು. ಹಳೆಯ ವಾಚು ತೆಗೆಯುವ ಮುಂಚೆಯೇ ಇದನ್ನು ಅಳೆದುಕೊಳ್ಳಬೇಕು, ಯಾಕಂದ್ರೆ ಫೋಟೋದಲ್ಲಿ ನಿಮಗೆ ಇರುವ ಅಳತೆಕೋಲು ಅದೊಂದೇ.

ಆಮೇಲೆ ಕೋನ

ಅದೇ ಕೇಸನ್ನು 12ರಿಂದ 6ರ ಕಡೆಗೆ ಅಳೆದರೆ 455 ಪಿಕ್ಸೆಲ್ ಮಾತ್ರ. ದುಂಡಗಿನ ವಾಚು ಮೊಟ್ಟೆಯಂತೆ ಕಾಣುತ್ತಿದೆ ಅಂದರೆ ಮಣಿಕಟ್ಟು ಓರೆಯಾಗಿದೆ ಅಂತ. 455ನ್ನು 525ರಿಂದ ಭಾಗಿಸಿದರೆ ಸುಮಾರು 0.87. ಕಾಲೇಜಿನ ಗಣಿತ ನೆನಪಿದ್ದರೆ, ಅದು 30 ಡಿಗ್ರಿಯ ಕೊಸೈನ್. ಹೊಸ ವಾಚೂ ಹಾಗೇ ಓರೆಯಾಗಬೇಕು: ಉದ್ದಕ್ಕೆ 630, ಅಡ್ಡಕ್ಕೆ 546.

ಇಲ್ಲಿಯೇ ಹೆಚ್ಚಿನವರು ಎಡವುವುದು. ನೇರ ಮುಂಭಾಗದಿಂದ ತೆಗೆದ ಪ್ರಾಡಕ್ಟ್ ಫೋಟೋವನ್ನು ಅಡ್ಡಕ್ಕೆ ಅಮುಕಿದರೆ ಮೊಟ್ಟೆಯಾಕಾರವೇನೋ ಬರುತ್ತದೆ, ಆದರೆ ವಾಚಿಗೆ ದಪ್ಪವೇ ಇರುವುದಿಲ್ಲ. 11 ಮಿಲಿಮೀಟರ್ ದಪ್ಪದ ವಾಚು 30 ಡಿಗ್ರಿ ಓರೆಯಾದರೆ ಅದರ ಪಕ್ಕದ ಗೋಡೆ ಸುಮಾರು ಐದೂವರೆ ಮಿಲಿಮೀಟರ್, ಅಂದರೆ 80 ಪಿಕ್ಸೆಲ್‌ಗೂ ಹೆಚ್ಚು ಕಾಣಬೇಕು. ನೇರ ಫೋಟೋದಲ್ಲಿ ಆ ಗೋಡೆಯೇ ಇಲ್ಲ, ಎಲ್ಲಿಂದ ತರೋದು? ಅದಿಲ್ಲದಿದ್ದರೆ ವಾಚು ಕೈಗೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತದೆ. ಹಾಗಾಗಿ ಅಕ್ಕನಿಗೆ ಹೇಳಿ, 6ರ ಕಡೆಯಿಂದ ಓರೆಯಾಗಿ ತೆಗೆದ ಇನ್ನೊಂದು ಫೋಟೋ ಕಂಪನಿಯಿಂದ ತರಿಸಿಕೊಂಡೆ. ಕೈಯಲ್ಲಿರುವುದು ನೇರ ಫೋಟೋ ಒಂದೇ ಅಂದರೆ, ಮಣಿಕಟ್ಟೂ ಹೆಚ್ಚುಕಮ್ಮಿ ನೇರವಾಗಿರುವ ಫೋಟೋವನ್ನೇ ಆರಿಸಿಕೊಳ್ಳಿ.

ಬೆಲ್ಟು ಬಾಗುವ ಬಗೆ

ಪ್ರಾಡಕ್ಟ್ ಫೋಟೋದಲ್ಲಿ ಬೆಲ್ಟು ಚಪ್ಪಟೆಯಾಗಿ ಮಲಗಿರುತ್ತದೆ. ಕೈ ಮೇಲೆ ಅದು ವಾಚಿನ ಅಂಚಿನಿಂದಲೇ ಕೆಳಗಿಳಿಯುತ್ತದೆ. ಫೋಟೋಶಾಪಿನ `Warp` ಬಳಸಿದರೆ ಬಾಗಿಸುವುದು ಸುಲಭ. ಆದರೆ ಬರೀ ಅಂಚುಗಳನ್ನು ಬಾಗಿಸಿದರೆ ಸಾಲದು, ಮಧ್ಯದ ಹೊಲಿಗೆಯನ್ನೂ ನೋಡಬೇಕು.

ಈ ಚರ್ಮದ ಬೆಲ್ಟಿನಲ್ಲಿ ಹೊಲಿಗೆಯಿಂದ ಹೊಲಿಗೆಗೆ 4 ಮಿಲಿಮೀಟರ್. ಕ್ಯಾಮೆರಾಗೆ ಎದುರಾಗಿರುವ ಜಾಗದಲ್ಲಿ ಅದು 60 ಪಿಕ್ಸೆಲ್. ನಮ್ಮ ಫೋಟೋದಲ್ಲಿ ಕೈ 6ರ ಕಡೆಯಿಂದ ಕ್ಯಾಮೆರಾಗೆ ವಾಲಿದೆ. ಹಾಗಾಗಿ 6ರ ಕೆಳಗಿನ ಬೆಲ್ಟು ಇಳಿಯುತ್ತಾ ಕ್ಯಾಮೆರಾಗೆ ಎದುರಾಗುತ್ತದೆ, ಅಲ್ಲಿ ಹೊಲಿಗೆಗಳು ಪೂರ್ತಿ ಅಂತರದಲ್ಲಿ ಕಾಣುತ್ತವೆ, ಆಮೇಲೆ ಕೈಯಡಿಗೆ ಹೋಗುತ್ತಾ ಹತ್ತಿರವಾಗುತ್ತವೆ. 12ರ ಆಚೆಯ ಬೆಲ್ಟು ಬೇಗ ಮರೆಯಾಗುತ್ತದೆ. ಅಲ್ಲಿ 60 ಡಿಗ್ರಿ ಓರೆಯಾದ ಕಡೆ ಅದೇ ಹೊಲಿಗೆಯ ಅಂತರ 30 ಪಿಕ್ಸೆಲ್‌ಗೆ ಇಳಿಯಬೇಕು. ನಾನು ಮೊದಲ ಸಲ ಎಲ್ಲ ಕಡೆ ಒಂದೇ ಅಂತರ ಬಿಟ್ಟಿದ್ದೆ. ಬೆಲ್ಟು ಕೈ ಸುತ್ತುವ ಬದಲು ರಟ್ಟಿನಂತೆ ಬಗ್ಗಿಸಿಟ್ಟ ಹಾಗೆ ಕಂಡದ್ದು ಅದಕ್ಕೇ.

ಸ್ಟೀಲಿನ ಚೈನ್ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಚೈನಿನ ಕೊಂಡಿ ಬಾಗುವುದಿಲ್ಲ, ಕೊಂಡಿಗಳ ನಡುವಿನ ಕೀಲು ಮಾತ್ರ ತಿರುಗುತ್ತದೆ. ಒಂದೊಂದು ಕೊಂಡಿಯನ್ನೂ ಬೇರೆ ಬೇರೆ ಕತ್ತರಿಸಿ, ಸ್ವಲ್ಪ ಸ್ವಲ್ಪ ತಿರುಗಿಸಿ ಜೋಡಿಸಬೇಕು. ಒಟ್ಟಿಗೆ ಬಾಗಿಸಿದರೆ ಸ್ಟೀಲು ರಬ್ಬರ್ ಆಗಿಬಿಡುತ್ತದೆ.

ಕೊನೆಗೆ ನೆರಳು

ಹಳೆ ವಾಚಿನ ನೆರಳನ್ನು ಅಳಿಸುವ ಮೊದಲು ಒಮ್ಮೆ ಗಮನವಿಟ್ಟು ನೋಡಿ. ಬೆಳಕು ಯಾವ ಕಡೆಯಿಂದ ಬಂದಿದೆ, ನೆರಳಿನ ಅಂಚು ಎಷ್ಟು ಮೆತ್ತಗಿದೆ ಅಂತ ಅದೇ ಹೇಳುತ್ತದೆ. ಭಾವನ ಫೋಟೋದಲ್ಲಿ ಕಿಟಕಿ ಮೊಣಕೈ ಕಡೆ ಇತ್ತು, ನೆರಳು ಅಂಗೈ ಕಡೆ ಬಿದ್ದಿತ್ತು. ಹೊಸ ವಾಚು ದಪ್ಪ, ಹಾಗಾಗಿ ಅದರ ನೆರಳೂ ಸ್ವಲ್ಪ ಉದ್ದ ಬೀಳಬೇಕು.

ನೆರಳು ಎರಡು ಪದರದ್ದು. ಬೆಲ್ಟು ಚರ್ಮವನ್ನು ಮುಟ್ಟುವ ಗೆರೆಯಲ್ಲಿ ಕೂದಲೆಳೆಯಷ್ಟು ಸಣ್ಣ, ಗಾಢವಾದದ್ದು ಒಂದು. ಅದು ಬೆಳಕು ಯಾವ ಕಡೆ ಇದ್ದರೂ ಇರುತ್ತದೆ. ಬೆಳಕಿನ ಎದುರು ದಿಕ್ಕಿಗೆ ಹರಡುವ ಅಗಲವಾದ, ತೆಳುವಾದದ್ದು ಇನ್ನೊಂದು. ಮೊದಲನೆಯದು ಇಲ್ಲದಿದ್ದರೆ ವಾಚು ಕೈಯಿಂದ ಮೇಲೆ ತೇಲುತ್ತದೆ. ಎರಡನ್ನೂ ಬೇರೆ ಬೇರೆ ಲೇಯರ್‌ನಲ್ಲಿ, `Multiply` ಮೋಡ್‌ನಲ್ಲಿ ಹಾಕಿದೆ.

ಬಣ್ಣ ಮಾತ್ರ ಕಪ್ಪು ಬೇಡ. ಬೆಳಕು ಚರ್ಮದೊಳಗೆ ಸ್ವಲ್ಪ ಇಳಿದು, ಹರಡಿ, ಕೆಂಪಾಗಿ ಹೊರಬರುತ್ತದೆ. ಅದಕ್ಕೇ ಚರ್ಮದ ಮೇಲಿನ ನೆರಳಿನ ಅಂಚು ಕೆಂಗಂದು. ಕಪ್ಪು ಬಳಿದರೆ ಕೈಗೆ ಬೂದಿ ಮೆತ್ತಿದ ಹಾಗಾಗುತ್ತದೆ. ನಾನು ಅದೇ ಫೋಟೋದಲ್ಲಿ ಹೆಬ್ಬೆರಳ ಬುಡದ ಮಡಿಕೆಯಿಂದ ಬಣ್ಣ ಆರಿಸಿಕೊಂಡೆ. ಅದು ಭಾವನ ಚರ್ಮದ್ದೇ ನೆರಳು, ಅದೇ ಬೆಳಕಿನಲ್ಲಿ ಬಿದ್ದದ್ದು. ಬೆಲ್ಟಿನ ಅಂಚಿನ ಮೇಲೆ ಕೈಯ ನಾಲ್ಕು ಕೂದಲನ್ನು ವಾಪಸ್ ತಂದ ಮೇಲೆ ವಾಚು ನಿಜಕ್ಕೂ ಕೈಗೆ ಕಟ್ಟಿದ ಹಾಗೆ ಕಂಡಿತು.

ಬೆಳಕು ಹೊಂದಲಿ ಅಂತ ವಾಚಿನ ಫೋಟೋವನ್ನು ಕನ್ನಡಿಯಂತೆ ಎಡ-ಬಲ ತಿರುಗಿಸಬೇಡಿ. ಅಂಕಿಗಳು ಉಲ್ಟಾ ಆಗುತ್ತವೆ, ಕೀ 3ರ ಬದಲು 9ರ ಕಡೆಗೆ ಹೋಗುತ್ತದೆ. ಅಂಕಿ ಇಲ್ಲದ ಡಯಲ್‌ನಲ್ಲಿ ಇದು ನಿಮಗೆ ಗೊತ್ತೇ ಆಗದೆ ಹೋಗಬಹುದು, ಆದರೆ ವಾಚಿನ ಹುಚ್ಚಿರುವವರು ಮೊದಲು ಹಿಡಿಯುವುದೇ ಅದನ್ನ.

ಎಲ್ಲ ಮುಗಿದ ಮೇಲೆ ಪೂರ್ತಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿದೆ. ಬಣ್ಣ ಇಲ್ಲದಿದ್ದಾಗ ವಾಚಿನ ನೆರಳು ಉಳಿದ ನೆರಳುಗಳಿಗಿಂತ ಗಾಢವಾಗಿದೆಯಾ ಅಂತ ತಕ್ಷಣ ತಿಳಿಯುತ್ತದೆ. ನನ್ನದು ಸ್ವಲ್ಪ ಗಾಢವೇ ಇತ್ತು, ಕಮ್ಮಿ ಮಾಡಿದೆ.

ಹೊಸ ಚಿತ್ರ ಕಳಿಸಿದಾಗ ಅಕ್ಕ ಅಂದಳು, “ಮೊದಲಿನದೇ ಚೆಂದ ಇತ್ತಲ್ಲೋ, ಇದರಲ್ಲಿ ವಾಚು ದೊಡ್ಡದಾಗಿ ಕಾಣತ್ತೆ.” “ದೊಡ್ಡದೇ ಅಲ್ವೇನೇ ಅದು?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: ‘ಎಡಿಟ್ ಮಾಡಿದ ಚಿತ್ರ. ಕೇಸಿನ ಅಗಲ 42 ಮಿ.ಮೀ. ಕೊಳ್ಳುವ ಮುಂಚೆ ನಿಮ್ಮ ಮಣಿಕಟ್ಟಿನ ಮೇಲೆ ಸ್ಕೇಲ್ ಇಟ್ಟು ನೋಡಿ.’