ಒಂದು ಅಂಕದ ಇತಿಹಾಸ: ಉತ್ತರ ಎಷ್ಟು ಚಿಕ್ಕದಿರಬೇಕು?

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಕಾಗಿನೆಲೆಯ ಮನೆಗಳಲ್ಲೂ ಮಕ್ಕಳ ಓದಿನ ಧ್ವನಿ ಕೇಳಿಬರುತ್ತದೆ. ದೀರ್ಘ ಉತ್ತರಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ಒಂದು ಅಂಕದ ಪ್ರಶ್ನೆಗಳಲ್ಲಿ ಎಡವುವುದುಂಟು. ಅಲ್ಲಿ ಅರ್ಧ ಅಂಕವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ದೊರೆತರೆ ಪೂರ್ಣ, ಇಲ್ಲವಾದರೆ ಸೊನ್ನೆ.

ನಮ್ಮ ಬ್ಯಾಡಗಿ ತಾಲ್ಲೂಕಿನದೇ ಒಂದು ಉದಾಹರಣೆಯನ್ನು ನೋಡೋಣ. "ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗ ಯಾರು?" ಎಂಬ ಪ್ರಶ್ನೆ ಬಂದಿದೆ ಎಂದಿಟ್ಟುಕೊಳ್ಳಿ. ಉತ್ತರ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. "ಒಂದು ಪದ ಅಥವಾ ಒಂದು ವಾಕ್ಯದಲ್ಲಿ ಉತ್ತರಿಸಿ" ಎಂಬ ಸೂಚನೆಯಿದ್ದಲ್ಲಿ "ಮೈಲಾರ ಮಹಾದೇವಪ್ಪ" ಎಂದಷ್ಟೇ ಬರೆದರೂ ಸಾಕು. "ಮೈಲಾರ ಮಹಾದೇವ" ಎಂಬ ರೂಪವೂ ರೂಢಿಯಲ್ಲಿರುವುದರಿಂದ ಅದೂ ಸರಿಯೇ. ಆದರೆ ಬರಿಯ "ಮೈಲಾರ" ಎಂದರೆ ಅದು ಊರಿನ ಹೆಸರಾಯಿತು. "ಮೈಲಾರಲಿಂಗ" ಎಂದರೆ ದೇವರ ಹೆಸರಾಯಿತು. ಒಂದು ಕಾಗುಣಿತ ತಪ್ಪಿದರೂ ವ್ಯಕ್ತಿ ಯಾರೆಂಬುದು ತಿಳಿಯುವಂತಿದ್ದರೆ ಇತಿಹಾಸದ ಪರೀಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಸರೇ ಬೇರೆಯಾದರೆ ಒಪ್ಪಲಾರರು.

ಇದೇ ವಿಷಯದಲ್ಲಿ ಕಾಲವನ್ನು ಕೇಳಿದಾಗ ಪ್ರಶ್ನೆಯ ಮಾತನ್ನು ಇನ್ನಷ್ಟು ಗಮನಿಸಬೇಕು. "ಯಾವ ವರ್ಷ?" ಎಂದರೆ 1930 ಎಂದರೆ ಮುಗಿಯಿತು. "ಯಾತ್ರೆ ಯಾವ ದಿನ ಆರಂಭವಾಯಿತು?" ಎಂದರೆ 1930ರ ಮಾರ್ಚ್ 12 ಎಂದೇ ಬರೆಯಬೇಕು. ವರ್ಷವನ್ನಷ್ಟೇ ಕೇಳಿದಲ್ಲಿ "1930ರ ಏಪ್ರಿಲ್ 6ರಂದು ಯಾತ್ರೆ ಆರಂಭವಾಯಿತು" ಎಂದು ಬರೆದವನು ಇಲ್ಲದ ತೊಂದರೆಯನ್ನು ತಾನೇ ತಂದುಕೊಳ್ಳುತ್ತಾನೆ. ಏಪ್ರಿಲ್ 6 ಉಪ್ಪಿನ ಕಾನೂನನ್ನು ಮುರಿದ ದಿನವೇ ಹೊರತು ಹೊರಟ ದಿನವಲ್ಲ. ಕೇಳದ ಮಾತನ್ನು ಸೇರಿಸಿದಷ್ಟೂ ತಪ್ಪಿಗೆ ಎಡೆ ಹೆಚ್ಚುತ್ತದೆ.

ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರಗಳ ಪಟ್ಟಿ ಇರುತ್ತದೆ. ಒಂದೇ ಅರ್ಥದ ಬೇರೆ ಪದಗಳು ಅದರಲ್ಲಿ ಓರೆಗೆರೆಯ ಎರಡೂ ಬದಿಗೆ ಇರುವುದುಂಟು. "ಉಪ್ಪಿನ ಸತ್ಯಾಗ್ರಹ" ಎಂದರೂ "ದಂಡಿ ಸತ್ಯಾಗ್ರಹ" ಎಂದರೂ ಒಂದೇ. ಆದರೆ ಸಂದೇಹದಿಂದ ಎರಡು ಬೇರೆ ಬೇರೆ ಹೆಸರುಗಳನ್ನು ಬರೆದು ಆಯ್ಕೆಯನ್ನು ಪರೀಕ್ಷಕರಿಗೇ ಬಿಟ್ಟರೆ ಅದು ಉತ್ತರವೆನಿಸದು. ಮೊದಲು ಬರೆದುದು ತಪ್ಪೆಂದು ತಿಳಿದರೆ ಅದನ್ನು ಒಂದೇ ಗೆರೆಯಿಂದ ಹೊಡೆದು ಸರಿಯಾದುದನ್ನು ಸ್ಪಷ್ಟವಾಗಿ ಬರೆಯಬೇಕು.

ಮನೆಯಲ್ಲಿ ಓದಿಸುವ ತಾಯಂದಿರು ಹೀಗೆ ಮಾಡಬಹುದು. ಪ್ರಶ್ನೆಯಲ್ಲಿರುವ ಯಾರು, ಎಲ್ಲಿ, ಯಾವಾಗ ಎಂಬ ಪದದ ಕೆಳಗೆ ಮಗುವಿನಿಂದಲೇ ಗೆರೆ ಎಳೆಸಬೇಕು. ಬರೆದ ಉತ್ತರದಲ್ಲಿ ಆ ಪದಕ್ಕೆ ಸಲ್ಲುವ ಮಾತು ಯಾವುದೆಂದು ಕೇಳಬೇಕು. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. "ಎಲ್ಲಿ?" ಎಂಬ ಪ್ರಶ್ನೆಗೆ ಮಗು "1943ರಲ್ಲಿ" ಎಂದು ಬರೆದಿದ್ದರೆ, ವಿಷಯ ತಿಳಿದಿದ್ದೂ ಅಂಕ ಹೋಯಿತೆಂಬುದು ಅದಕ್ಕೇ ಅರಿವಾಗುತ್ತದೆ.